ಏಳು ದಿನಗಳ ಸರಾಸರಿ: ಅವಧಿಯ ಆಯ್ಕೆ ಮತ್ತು ವಿಳಂಬ

ಚಲಿಸುವ ಸರಾಸರಿಯ ಲೆಕ್ಕ ಸರಳ. ಇಂದಿನದೂ ಸೇರಿದಂತೆ ಕಳೆದ ಇಂತಿಷ್ಟು ದಿನಗಳ ಅಂಕಿಗಳನ್ನು ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸಬೇಕು. ಮರುದಿನ ಹೊಸ ಅಂಕಿಯನ್ನು ಸೇರಿಸಿಕೊಂಡು, ತೀರ ಹಳೆಯದನ್ನು ಕೈಬಿಟ್ಟು, ಅದೇ ಲೆಕ್ಕವನ್ನು ಮತ್ತೆ ಮಾಡಬೇಕು. ದಿನದಿಂದ ದಿನಕ್ಕೆ ಕುಣಿಯುವ ಅಂಕಿಗಳ ಅಡಿಯಲ್ಲಿರುವ ನಿಜವಾದ ಏರಿಳಿತ ಇದರಿಂದ ಕಣ್ಣಿಗೆ ಬೀಳುತ್ತದೆ. ಕೋವಿಡ್ ವರ್ಷಗಳಲ್ಲಿ ಪತ್ರಿಕೆಗಳು ದಿನವೂ ಮುದ್ರಿಸುತ್ತಿದ್ದ ಹೊಸ ಪ್ರಕರಣಗಳ ನಕ್ಷೆಯಲ್ಲಿ ಕಂಬಗಳ ಮೇಲೆ ಹಾದುಹೋಗುತ್ತಿದ್ದ ನುಣುಪಾದ ಗೆರೆ ಇಂಥದೇ ಏಳು ದಿನಗಳ ಸರಾಸರಿ. ಆ ಅವಧಿ ಐದೋ ಹತ್ತೋ ಆಗದೆ ಏಳೇ ಆದದ್ದಕ್ಕೆ ಗಟ್ಟಿಯಾದ ಕಾರಣವಿದೆ.

ವಾರದ ಲಯ

ಭಾನುವಾರ ಪ್ರಯೋಗಾಲಯಗಳಿಗೆ ಬರುವ ಮಾದರಿಗಳು ಕಡಿಮೆ. ಅದರ ಫಲವಾಗಿ ಸೋಮವಾರ, ಮಂಗಳವಾರ ವರದಿಯಾಗುವ ಪ್ರಕರಣಗಳೂ ಕಡಿಮೆ. ವಾರದ ನಡುವೆ ಅಂಕಿ ಮತ್ತೆ ಏರುತ್ತದೆ. ಈ ಇಳಿತ ರೋಗದ್ದಲ್ಲ, ಕಚೇರಿಯ ಕೆಲಸದ ದಿನಗಳದ್ದು.

ಲೆಕ್ಕಕ್ಕಾಗಿ ಒಂದು ಜಿಲ್ಲೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ರೋಗ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಸೋಮವಾರದಿಂದ ಭಾನುವಾರದವರೆಗೆ ಪ್ರತಿ ವಾರವೂ 60, 80, 110, 115, 115, 120, 100 ಪ್ರಕರಣಗಳು ವರದಿಯಾಗುತ್ತವೆ. ವಾರದ ಮೊತ್ತ 700, ದಿನಕ್ಕೆ ಸರಾಸರಿ 100.

ಐದು ದಿನಗಳ ಸರಾಸರಿ ತೆಗೆದರೆ ಗುರುವಾರ ಅದು 93, ಅದೇ ವಾರದ ಭಾನುವಾರ 112. ಏನೂ ಬದಲಾಗದಿದ್ದರೂ ಗೆರೆ ಮೂರೇ ದಿನಗಳಲ್ಲಿ ಜಿಗಿದಂತೆ ಕಾಣುತ್ತದೆ. ಅವಧಿಯನ್ನು ಹತ್ತು ದಿನಕ್ಕೆ ಹಿಗ್ಗಿಸಿದರೂ ದೋಷ ಪೂರ್ತಿ ಹೋಗುವುದಿಲ್ಲ. ಹತ್ತು ದಿನವೆಂದರೆ ಒಂದು ಪೂರ್ಣ ವಾರ ಮತ್ತು ಇನ್ನೂ ಮೂರು ದಿನ. ಆ ಮೂರು ದಿನಗಳು ಯಾವುವು ಎಂಬುದರ ಮೇಲೆ ಸರಾಸರಿ 94ರಿಂದ 105ರವರೆಗೆ ತೂಗಾಡುತ್ತದೆ. ಏಳು ದಿನಗಳ ಸರಾಸರಿ ಮಾತ್ರ ಯಾವ ದಿನ ತೆಗೆದರೂ ಸರಿಯಾಗಿ 100. ಪ್ರತಿಯೊಂದು ಲೆಕ್ಕದಲ್ಲೂ ಒಂದು ಸೋಮವಾರ, ಒಂದು ಭಾನುವಾರ, ಉಳಿದ ಪ್ರತಿ ವಾರವೂ ಒಂದೊಂದು ಇದ್ದೇ ಇರುತ್ತವೆ. ಹಾಗಾಗಿ ವಾರದ ಲಯವಿರುವ ದೈನಂದಿನ ಅಂಕಿಗಳಿಗೆ 7, 14, 21, 28 ದಿನಗಳ ಅವಧಿಗಳೇ ಹೊಂದುತ್ತವೆ. ಇಲ್ಲಿ ಉದ್ದಕ್ಕಿಂತ ಏಳರ ಗುಣಕವಾಗಿರುವುದು ಮುಖ್ಯ.

ನುಣುಪಿಗೆ ತೆರುವ ಬೆಲೆ

ಪ್ರಕರಣಗಳು ದಿನಕ್ಕೆ ಹತ್ತರಂತೆ ಏರುತ್ತಿವೆ, ಇಂದು 200 ಆಗಿವೆ ಎಂದುಕೊಳ್ಳೋಣ. ಹಿಂದಿನ ಆರು ದಿನಗಳು 190, 180, 170, 160, 150, 140. ಏಳರ ಸರಾಸರಿ 170. ಇದು ಮೂರು ದಿನಗಳ ಹಿಂದಿನ ಅಂಕಿ. ಒಂದೇ ವೇಗದಲ್ಲಿ ಏರುವ ಅಥವಾ ಇಳಿಯುವ ಅಂಕಿಗಳಲ್ಲಿ ಸರಾಸರಿ ತೋರಿಸುವುದು ಅವಧಿಯ ನಟ್ಟನಡುವಿನ ದಿನವನ್ನು. ಅವಧಿ N ದಿನಗಳಾದರೆ ವಿಳಂಬ ಹೀಗೆ:

```
(N - 1) / 2
```

ಏಳು ದಿನಗಳ ಅವಧಿಗೆ 3 ದಿನ, ಹದಿನಾಲ್ಕಕ್ಕೆ 6.5 ದಿನ, ಇಪ್ಪತ್ತೆಂಟಕ್ಕೆ 13.5 ದಿನ ವಿಳಂಬ.

ಅಲೆ ತಿರುಗುವ ಹೊತ್ತಿನಲ್ಲಿ ಈ ವಿಳಂಬ ಹೆಚ್ಚು ಕಾಡುತ್ತದೆ. 200ಕ್ಕೆ ಮುಟ್ಟಿದ ಅಂಕಿ ಮರುದಿನದಿಂದಲೇ ದಿನಕ್ಕೆ ಹತ್ತರಂತೆ ಇಳಿಯತೊಡಗಿತು ಎನ್ನೋಣ. ಶಿಖರದ ದಿನ 170 ಇದ್ದ ಏಳು ದಿನಗಳ ಸರಾಸರಿ ಆಮೇಲಿನ ಮೂರು ದಿನ 177, 181, 183 ಎಂದು ಏರುತ್ತಲೇ ಹೋಗುತ್ತದೆ. ನಾಲ್ಕನೆಯ ದಿನ 181ಕ್ಕೆ ಬಂದಾಗಲಷ್ಟೇ ಇಳಿತ ಶುರುವಾದದ್ದು ಗೆರೆಯಲ್ಲಿ ಕಾಣುತ್ತದೆ. ಅಷ್ಟೊತ್ತಿಗೆ ನಿಜವಾದ ಅಂಕಿ 160ಕ್ಕೆ ಇಳಿದಿರುತ್ತದೆ. ಶಿಖರದ ಎತ್ತರವೂ 200ರ ಬದಲು 183. ಅವಧಿ ಹದಿನಾಲ್ಕು ದಿನಗಳಾದರೆ ಅದು 165ಕ್ಕೆ, ಇಪ್ಪತ್ತೆಂಟಾದರೆ 130ಕ್ಕೆ ತಗ್ಗುತ್ತದೆ. ಅವಧಿ ಉದ್ದವಾದಷ್ಟೂ ಶಿಖರ ತಡವಾಗಿ ಬರುತ್ತದೆ, ತಗ್ಗಾಗಿಯೂ ಬರುತ್ತದೆ.

ಸರಾಸರಿಯನ್ನು ಅವಧಿಯ ಕೊನೆಯ ದಿನಕ್ಕೆ ಬರೆಯದೆ ನಡುವಿನ ದಿನಕ್ಕೆ ಬರೆಯುವ ರೂಢಿಯೂ ಉಂಟು. ಆಗ ನಕ್ಷೆಯಲ್ಲಿ ಶಿಖರ ತನ್ನ ಸರಿಯಾದ ತಾರೀಖಿಗೇ ಕೂರುತ್ತದೆ. ಆದರೆ ಗೆರೆ ಮೂರು ದಿನಗಳ ಹಿಂದೆಯೇ ನಿಲ್ಲುತ್ತದೆ, ಏಕೆಂದರೆ ಇಂದಿನ ಸರಾಸರಿಗೆ ಮುಂದಿನ ಮೂರು ದಿನಗಳ ಅಂಕಿ ಬೇಕು. ಸುದ್ದಿಯೇನೂ ಬೇಗ ಸಿಗುವುದಿಲ್ಲ. ಮುಗಿದುಹೋದ ಅಲೆಯನ್ನು ಅಭ್ಯಾಸ ಮಾಡುವವರಿಗೆ ಈ ವಿಧಾನ ಒಳ್ಳೆಯದು. ಈ ದಿನದ ನಿರ್ಧಾರಕ್ಕೆ ಅಂಕಿ ಬೇಕಾದವರು ಕೊನೆಯ ದಿನದ ವಿಧಾನವನ್ನೇ ಹಿಡಿದು, ವಿಳಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕಾಗುತ್ತದೆ.

ಒಂದೇ ದಿನದ ದೊಡ್ಡ ಅಂಕಿ

ನಿನ್ನೆಯ ಸರಾಸರಿಗೂ ಇಂದಿನ ಸರಾಸರಿಗೂ ಇರುವ ವ್ಯತ್ಯಾಸ ಎರಡೇ ಅಂಕಿಗಳಿಂದ ಬರುತ್ತದೆ: ಇಂದು ಒಳಗೆ ಬಂದದ್ದು, ಏಳು ದಿನಗಳ ಹಿಂದಿನದಾಗಿ ಹೊರಗೆ ಹೋದದ್ದು. ಅವೆರಡರ ಅಂತರದ ಏಳನೆಯ ಒಂದು ಭಾಗದಷ್ಟು ಗೆರೆ ಸರಿಯುತ್ತದೆ. ಆದ್ದರಿಂದ ಇಂದು ವಿಶೇಷವೇನೂ ನಡೆಯದಿದ್ದರೂ ಹಳೆಯ ದೊಡ್ಡ ಅಂಕಿಯೊಂದು ಹೊರಬಿದ್ದರೆ ಸಾಕು, ಗೆರೆ ಕುಸಿಯುತ್ತದೆ.

2021ರ ಜೂನ್‌ನಲ್ಲಿ ಬಿಹಾರ ಸರ್ಕಾರ ಕೋವಿಡ್ ಸಾವುಗಳ ಲೆಕ್ಕವನ್ನು ಪರಿಷ್ಕರಿಸಿ, ಹಿಂದೆ ಎಣಿಕೆಗೆ ಸೇರದಿದ್ದ ಸುಮಾರು 4,000 ಸಾವುಗಳನ್ನು ಒಂದೇ ಬಾರಿಗೆ ಸೇರಿಸಿತು. ದೇಶದ ಒಂದು ದಿನದ ಅಂಕಿ 6,100 ದಾಟಿತು. ಇಂಥ ಸೇರ್ಪಡೆ ಏಳು ದಿನಗಳ ಸರಾಸರಿಯನ್ನು ಸುಮಾರು 570ರಷ್ಟು ಮೇಲೆತ್ತಿ, ಏಳು ದಿನ ಹಾಗೇ ಹಿಡಿದಿಟ್ಟು, ಎಂಟನೆಯ ದಿನ ಅಷ್ಟನ್ನೇ ಕೆಳಗಿಳಿಸುತ್ತದೆ. ಎರಡೂ ತುದಿ ಕಡಿದಾಗಿದ್ದು, ಅಗಲ ಸರಾಸರಿಯ ಅವಧಿಯಷ್ಟೇ ಇರುವ ದಿಬ್ಬ ನಕ್ಷೆಯಲ್ಲಿ ಕಂಡರೆ, ಅದು ಒಂದು ದಿನದ ಅಂಕಿಯ ನೆರಳು ಎಂದು ಗುರುತಿಸಬಹುದು. ಆ ಸಾವುಗಳು ನಿಜವಾಗಿ ಸಂಭವಿಸಿದ ತಾರೀಖುಗಳು ಗೊತ್ತಿದ್ದರೆ ಅವುಗಳಿಗೆ ಹಂಚಿ ಹಾಕುವುದು ಸರಿಯಾದ ಪರಿಹಾರ. ಗೊತ್ತಿಲ್ಲದಿದ್ದರೆ ಏಳು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು, ಅಂದರೆ ಮಧ್ಯಾಂಕವನ್ನು, ತೆಗೆದುಕೊಳ್ಳಬಹುದು. ಒಂದು ಅಂಕಿ ಎಷ್ಟೇ ದೊಡ್ಡದಾದರೂ ಮಧ್ಯಾಂಕ ಹೆಚ್ಚು ಕದಲುವುದಿಲ್ಲ.

ಉದ್ದದ ಅವಧಿ ಯಾವಾಗ

ವಾರದ ಲಯ ಕಳೆದ ಮೇಲೂ ಆಕಸ್ಮಿಕ ಏರುಪೇರು ಉಳಿಯುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಪ್ರಕರಣಗಳಿರುವ ಸಣ್ಣ ತಾಲ್ಲೂಕಿನಲ್ಲಿ ಒಂದು ದಿನ 2, ಇನ್ನೊಂದು ದಿನ 6 ಬರುವುದು ಬರೀ ಆಕಸ್ಮಿಕವಾಗಿರಬಹುದು. ಅವಧಿ ಹಿಗ್ಗಿಸಿದರೆ ಈ ಏರುಪೇರು ತಗ್ಗುತ್ತದೆ, ಆದರೆ ನಿಧಾನವಾಗಿ. ದಿನದಿನದ ಆಕಸ್ಮಿಕಗಳಿಗೆ ಒಂದಕ್ಕೊಂದು ನಂಟಿಲ್ಲದಿದ್ದರೆ ಅದು ಅವಧಿಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. ಏಳರಿಂದ ಇಪ್ಪತ್ತೆಂಟಕ್ಕೆ ಹೋದರೆ ಏರುಪೇರು ಅರ್ಧವಾಗುತ್ತದೆ. ವಿಳಂಬವಾದರೋ 3 ದಿನದಿಂದ 13.5ಕ್ಕೆ, ಅಂದರೆ ನಾಲ್ಕೂವರೆ ಪಟ್ಟು, ಬೆಳೆಯುತ್ತದೆ.

ಆಯ್ಕೆಯ ಕ್ರಮ ಇದರಿಂದಲೇ ಹೊರಡುತ್ತದೆ. ಅಂಕಿಗಳು ದೊಡ್ಡವಾಗಿದ್ದು ಬದಲಾವಣೆ ಬೇಗ ತಿಳಿಯಬೇಕಿದ್ದರೆ ಏಳು ದಿನ ಸಾಕು. ಅಂಕಿಗಳು ಚಿಕ್ಕವಾಗಿದ್ದು ಏಳು ದಿನಗಳ ಗೆರೆಯೂ ಕುಣಿಯುತ್ತಿದ್ದರೆ ಹದಿನಾಲ್ಕು ತೆಗೆದುಕೊಳ್ಳಬಹುದು, ಒಂದು ವಾರದ ಹಿಂದಿನ ಚಿತ್ರ ನೋಡುತ್ತಿದ್ದೇವೆ ಎಂಬ ಅರಿವಿನೊಂದಿಗೆ. ಇಪ್ಪತ್ತೆಂಟು ದಿನಗಳ ಅವಧಿ ತಿಂಗಳುಗಟ್ಟಲೆ ನಡೆಯುವ ನಿಧಾನದ ಬದಲಾವಣೆಗೆ ಸರಿ. ಕೆಲವೇ ವಾರಗಳಲ್ಲಿ ಏರಿ ಇಳಿಯುವ ಅಲೆಯನ್ನು ಅದು ಅಳಿಸಿಯೇಬಿಡಬಹುದು. ಯಾವುದನ್ನು ಆರಿಸಿದರೂ ಎರಡು ಗೆರೆಗಳನ್ನು ಹೋಲಿಸುವಾಗ, ಉದಾಹರಣೆಗೆ ಪ್ರಕರಣಗಳನ್ನೂ ಸಾವುಗಳನ್ನೂ ಹೋಲಿಸುವಾಗ, ಎರಡಕ್ಕೂ ಒಂದೇ ಅವಧಿ, ಒಂದೇ ವಿಧಾನ ಇರಬೇಕು. ಒಂದಕ್ಕೆ ಏಳು, ಇನ್ನೊಂದಕ್ಕೆ ಹದಿನಾಲ್ಕು ಎಂದಾದರೆ ಅವುಗಳ ಶಿಖರಗಳ ನಡುವೆ ಕಾಣುವ ಅಂತರದಲ್ಲಿ ಮೂರೂವರೆ ದಿನ ಲೆಕ್ಕದ ವಿಧಾನದಿಂದ ಹುಟ್ಟಿದ್ದಾಗಿರುತ್ತದೆ.