ಕಡುಕಂದು ಕಣ್ಣು ಮತ್ತು ಅದರ ನೆರೆಯ ಬಣ್ಣ

ಕನ್ನಡ ನಾಡಿನ ಬಹುಪಾಲು ಜನರ ಕಣ್ಣು ಕಡುಕಂದು ಬಣ್ಣದ್ದಾದರೂ ಎರಡು ಮಾರು ದೂರದಿಂದ ನೋಡಿದವರು ಅದನ್ನು ಕಪ್ಪು ಕಣ್ಣೆಂದೇ ಹೇಳುತ್ತಾರೆ. ಕಣ್ಣಿನ ನಡುವೆ ಇರುವ ಕಪ್ಪು ರಂಧ್ರವಾದ ಪಾಪೆಯನ್ನು ಬಳೆಯಂತೆ ಸುತ್ತುವರಿದ ಬಣ್ಣದ ಭಾಗಕ್ಕೆ ವರ್ಣಪಟಲ ಅಥವಾ ಐರಿಸ್ ಎಂದು ಹೆಸರು. ಅದರ ಮುಂಪದರದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ದಟ್ಟವಾಗಿದ್ದಾಗ ಒಳಹೊಕ್ಕ ಬೆಳಕಿನ ದೊಡ್ಡ ಪಾಲು ಅಲ್ಲಿಯೇ ಹೀರಲ್ಪಡುತ್ತದೆ. ಅದರಲ್ಲೂ ನೀಲಿಯ ಕಡೆಯ ಬೆಳಕು ಹೆಚ್ಚಾಗಿ ಅಡಗಿ, ಕೆಂಪು ಮತ್ತು ಹಳದಿಯ ಒಂದಿಷ್ಟು ಬೆಳಕು ಮಾತ್ರ ಹೊರಗೆ ಮರಳುತ್ತದೆ. ಕಾಮನಬಿಲ್ಲಿನಲ್ಲಿ ಕಂದು ಎಂಬ ಬಣ್ಣವೇ ಇಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸುತ್ತಲಿನ ವಸ್ತುಗಳಿಗಿಂತ ಬಹಳ ಮಂಕಾಗಿರುವ ಕಿತ್ತಳೆಯನ್ನೇ ಮಿದುಳು ಕಂದು ಎಂದು ಗ್ರಹಿಸುತ್ತದೆ. ಹಾಗಾಗಿ ಕಡುಕಂದು ಕಣ್ಣಿನ ಅಲಂಕಾರದ ಸಮಸ್ಯೆ ಇಷ್ಟೇ: ಅಲ್ಲಿ ಅಡಗಿರುವ ಅಲ್ಪ ಕಿತ್ತಳೆಯನ್ನು ನೋಡುವವರ ಅರಿವಿಗೆ ತರುವ ಬಣ್ಣ ಯಾವುದು?

ಇದಕ್ಕೆ ಉತ್ತರ ಸಿಕ್ಕಿದ್ದು ಸೌಂದರ್ಯಸಾಧನಗಳ ಅಂಗಡಿಯಲ್ಲಲ್ಲ, ನೇಯ್ಗೆಯ ಕಾರ್ಖಾನೆಯಲ್ಲಿ. ಪ್ಯಾರಿಸ್ಸಿನ ಗೋಬೆಲಿನ್ ಎಂಬ ಚಿತ್ರವಸ್ತ್ರದ ನೇಯ್ಗೆಶಾಲೆಯಲ್ಲಿ 1824ರಿಂದ ಬಣ್ಣಗಾರಿಕೆಯ ಮೇಲ್ವಿಚಾರಣೆ ನೋಡಿಕೊಂಡ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ ಅವರ ಮುಂದೆ ಬಂದ ದೂರುಗಳಲ್ಲಿ ಒಂದು, ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳು ತೋರಿಸಲು ಬಳಸುವ ಕಪ್ಪು ನೂಲಿಗೆ ಕಸುವಿಲ್ಲ ಎಂಬುದಾಗಿತ್ತು. ಶೆವ್ರಲ್ ಬೇರೆಡೆಯ ಕಪ್ಪು ನೂಲುಗಳೊಂದಿಗೆ ಹೋಲಿಸಿ ನೋಡಿದಾಗ ಬಣ್ಣದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಪಕ್ಕದ ನೀಲಿಯೇ ತನ್ನ ವಿರುದ್ಧವಾದ ಕಿತ್ತಳೆಯ ಛಾಯೆಯನ್ನು ಕಪ್ಪಿನ ಮೇಲೆ ಹೊರಿಸಿ ಅದನ್ನು ಪೇಲವವಾಗಿಸುತ್ತಿತ್ತು. ಎರಡು ಬಣ್ಣಗಳು ಅಕ್ಕಪಕ್ಕದಲ್ಲಿದ್ದಾಗ ಒಂದು ಮತ್ತೊಂದನ್ನು ತನ್ನಿಂದ ದೂರಕ್ಕೆ ತಳ್ಳಿದಂತೆ ತೋರುವ ಈ ಗುಣವನ್ನು ಸಮಕಾಲಿಕ ವೈದೃಶ್ಯ ಎನ್ನಬಹುದು. ಶೆವ್ರಲ್ ಇದರ ಬಗ್ಗೆ 1839ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಪ್ರಕಟಿಸಿದರು. ನೇಕಾರರಿಗೆ ತಲೆನೋವಾಗಿದ್ದ ಅದೇ ಗುಣ ಕಡುಕಂದು ಕಣ್ಣಿಗೆ ವರವಾಗುತ್ತದೆ, ಏಕೆಂದರೆ ಕಪ್ಪಿಗೇ ಕಿತ್ತಳೆಯ ಛಾಯೆ ಕೊಡಬಲ್ಲ ನೀಲಿಯು ಮೊದಲೇ ತುಸು ಕಿತ್ತಳೆಯಿರುವ ಕಣ್ಣಿನ ಕಂದನ್ನು ಮತ್ತಷ್ಟು ಸ್ಪಷ್ಟವಾಗಿಸುತ್ತದೆ.

ಹಾಗೆಂದ ಮಾತ್ರಕ್ಕೆ ಕಪ್ಪು ಕಾಡಿಗೆ ನಿಷ್ಪ್ರಯೋಜಕವೇನಲ್ಲ. ಕಣ್ಣಿನ ಬಿಳಿ ಭಾಗದ ಪಕ್ಕದಲ್ಲಿ ದಟ್ಟ ಕಪ್ಪು ಬಂದಾಗ ಬಿಳಿ ಇನ್ನಷ್ಟು ಬೆಳ್ಳಗೆ ತೋರುತ್ತದೆ, ಕಣ್ಣಿನ ಆಕಾರ ದೂರದಿಂದಲೂ ತಿದ್ದಿದಂತೆ ಕಾಣುತ್ತದೆ. ಆದರೆ ಅದು ಆಕಾರವನ್ನು ಕೊಡುತ್ತದೆಯೇ ಹೊರತು ಬಣ್ಣವನ್ನಲ್ಲ. ಮೇಲೆ ಕೆಳಗೆ ಎರಡೂ ಕಡೆ ದಪ್ಪಗೆ ಹಚ್ಚಿದಾಗ, ಅದರಲ್ಲೂ ಮಬ್ಬು ಬೆಳಕಿನಲ್ಲಿ, ಕಾಡಿಗೆ, ರೆಪ್ಪೆಗೂದಲು, ಐರಿಸ್ ಮೂರೂ ಒಂದೇ ಕಪ್ಪು ಮುದ್ದೆಯಾಗಿ ಕಾಣುತ್ತವೆ.

ಕಡುನೀಲಿ ಐಲೈನರ್ ಕೊಂಡು ತಂದವರು ಹಲವೊಮ್ಮೆ ನಿರಾಶರಾಗುವುದಕ್ಕೆ ಕಾರಣ ಪೆನ್ಸಿಲಿನಲ್ಲಲ್ಲ, ನೋಡುವವರ ಕಣ್ಣಿನಲ್ಲಿದೆ. ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಶಂಕು ಕೋಶಗಳ ಪೈಕಿ ನೀಲಿಗೆ ಸ್ಪಂದಿಸುವಂಥವು ತೀರ ಕಡಿಮೆ. ನೋಟದ ನಟ್ಟನಡುವಿನ ಚಿಕ್ಕ ಪ್ರದೇಶದಲ್ಲಂತೂ ಅವು ಇಲ್ಲವೇ ಇಲ್ಲ ಎನ್ನಬಹುದು. ಈ ಕೊರತೆಯಿಂದಾಗಿ ಬಹಳ ಸಣ್ಣದಾಗಿ ಕಾಣುವ ನೀಲಿ ವಸ್ತು ತನ್ನ ಬಣ್ಣವನ್ನು ಕಳೆದುಕೊಂಡು ಬರಿಯ ಕಪ್ಪಾಗಿ ತೋರುತ್ತದೆ. 1 ಮಿಲಿಮೀಟರ್ ದಪ್ಪದ ಗೆರೆ 2 ಮೀಟರ್ ದೂರದಲ್ಲಿರುವವರ ಕಣ್ಣಿನಲ್ಲಿ ಒಂದು ಡಿಗ್ರಿಯ ಸುಮಾರು ಮೂವತ್ತೈದನೇ ಒಂದು ಭಾಗದಷ್ಟು ಕೋನವನ್ನಷ್ಟೇ ಆಕ್ರಮಿಸುತ್ತದೆ, ಮತ್ತು ನೀಲಿಯನ್ನು ನೀಲಿಯೆಂದು ಗುರುತಿಸಲು ಅದು ಸಾಲದು. ಕನ್ನಡಿಗೆ ಮೂಗು ತಾಗಿಸಿ ನೋಡುವವರಿಗೆ ಚೆಂದವಾಗಿ ಕಾಣುವ ತೆಳುಗೆರೆ ಎದುರು ಕುಳಿತವರಿಗೆ ಕಪ್ಪು ಗೆರೆಯಷ್ಟೇ.

ಇದರಿಂದ ದಪ್ಪದ ಜೊತೆಗೆ ಜಾಗವೂ ಮುಖ್ಯವೆಂದು ತಿಳಿಯುತ್ತದೆ. ನೇರವಾಗಿ ನೋಡುವಾಗ ಮೇಲಿನ ರೆಪ್ಪೆ ಐರಿಸ್‌ನ ಮೇಲಂಚನ್ನು 1ರಿಂದ 2 ಮಿಲಿಮೀಟರಿನಷ್ಟು ಮುಚ್ಚಿರುತ್ತದೆ, ಅದರ ಮೇಲೆ ದಟ್ಟ ರೆಪ್ಪೆಗೂದಲಿನ ಕಪ್ಪು ಬೇಲಿಯೂ ಇರುತ್ತದೆ. ಅಲ್ಲಿ ಎಳೆದ ನೀಲಿ ಆ ಕಪ್ಪಿನಲ್ಲಿ ಕರಗಿಹೋಗುತ್ತದೆ. ಕೆಳರೆಪ್ಪೆಯ ಅಂಚು ಐರಿಸ್‌ನ ತಳಕ್ಕೆ ತಾಗುವಂತೆಯೇ ಇದ್ದು ಅಲ್ಲಿನ ಕೂದಲೂ ವಿರಳ. ಆದ್ದರಿಂದ ಮೇಲಿನ ರೆಪ್ಪೆಯ ಬುಡಕ್ಕೆ ಕಪ್ಪು ಗೆರೆಯನ್ನೇ ಉಳಿಸಿಕೊಂಡು, ಕೆಳರೆಪ್ಪೆಯ ಕೂದಲಿನ ಬುಡದಲ್ಲಿ, ಹೊರಗಡೆ, ಐರಿಸ್‌ನ ನೇರ ಕೆಳಗೆ 2 ಮಿಲಿಮೀಟರ್ ಅಗಲವಾಗಿ ನೀಲಿಯನ್ನು ಹಚ್ಚಿ ಎರಡೂ ತುದಿಗೆ ತೆಳುವಾಗಿಸುವುದು ಸರಿಯಾದ ಕ್ರಮ. ಪರೀಕ್ಷೆಯೂ ಸುಲಭ: ಒಂದು ಕಣ್ಣಿಗೆ ಹೀಗೆ ನೀಲಿ, ಇನ್ನೊಂದಕ್ಕೆ ಅದೇ ಅಳತೆಯಲ್ಲಿ ಕಪ್ಪು ಹಚ್ಚಿ, ಹಗಲಿನಲ್ಲಿ ಕಿಟಕಿಗೆ ಮುಖಮಾಡಿ ನಿಂತು, ಕನ್ನಡಿಯನ್ನು ಒಂದು ಮೀಟರ್ ದೂರದಲ್ಲಿಟ್ಟರೆ (ಪ್ರತಿಬಿಂಬ ಎರಡು ಮೀಟರ್ ದೂರದ್ದಾಗುತ್ತದೆ) ಯಾವ ಕಣ್ಣಿನಲ್ಲಿ ಕಂದು ತೋರುತ್ತಿದೆ, ಯಾವುದರಲ್ಲಿ ಇಲ್ಲ ಎಂಬುದು ಕೂಡಲೇ ತಿಳಿಯುತ್ತದೆ. ಕಣ್ಣಿನ ಕೆಳಗೆ ಕಪ್ಪು ವರ್ತುಲ ಇರುವವರಿಗೆ ಮಾತ್ರ ಈ ಕ್ರಮ ಒಗ್ಗದು, ಏಕೆಂದರೆ ಆ ನೆರಳಿಗೂ ಹಲವೊಮ್ಮೆ ನೀಲಿಯ ಛಾಯೆ ಇರುವುದರಿಂದ ಎರಡೂ ಕೂಡಿ ಮುಖಕ್ಕೆ ನಿದ್ದೆಗೆಟ್ಟ ಕಳೆ ಬರುತ್ತದೆ; ಅಂಥವರು ನೀಲಿಯನ್ನು ಮೇಲಿನ ರೆಪ್ಪೆಗೆ ಐಶ್ಯಾಡೋವಾಗಿ ಅಗಲವಾಗಿ ಹಚ್ಚಿಕೊಳ್ಳುವುದು ವಾಸಿ.

ಐಶ್ಯಾಡೋ ಕೊಳ್ಳುವಾಗ ತಿಳಿಬಣ್ಣಗಳ ವಿಷಯದಲ್ಲಿ ಎಚ್ಚರ ಬೇಕು. ತಿಳಿನೀಲಿ, ತಿಳಿಗುಲಾಬಿಗಳನ್ನು ತಿಳಿಯಾಗಿಸುವುದು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಅದು ಗೋಧಿ ಅಥವಾ ಕಪ್ಪು ಮೈಬಣ್ಣದ ಮೇಲೆ ತೆಳುವಾಗಿ ಹರಡಿದಾಗ ಬೂದಿ ಬಳಿದಂತೆ ತೋರುತ್ತದೆ. ತಾಮ್ರ ಮತ್ತು ಕಂಚಿನ ಬಣ್ಣಗಳಲ್ಲಿ ಆ ತೊಂದರೆ ಇಲ್ಲ. ಕಾಗೆಬಂಗಾರವೆಂದು ಕರೆಯುವ ಅಭ್ರಕದ ತೆಳು ಚಕ್ಕೆಗಳ ಮೇಲೆ ಕಬ್ಬಿಣದ ಆಕ್ಸೈಡ್ ಲೇಪಿಸಿ ಇವನ್ನು ತಯಾರಿಸುವುದರಿಂದ ಬೆಳಕು ಚದುರುವ ಬದಲು ಕನ್ನಡಿಯಿಂದ ಬಂದಂತೆ ಹೊಳೆದು ಮರಳುತ್ತದೆ. ಆದರೆ ತಾಮ್ರವರ್ಣ ಕಂದು ಕಣ್ಣನ್ನು ಇನ್ನಷ್ಟು ಕಂದಾಗಿಸುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಕಣ್ಣಿನದೇ ಜಾತಿಯ, ಆದರೆ ಅದಕ್ಕಿಂತ ಬಹಳ ಉಜ್ವಲವಾದ ಬಣ್ಣ ಪಕ್ಕಕ್ಕೆ ಬಂದಾಗ ಕಣ್ಣು ಹೋಲಿಕೆಯಲ್ಲಿ ಮತ್ತಷ್ಟು ಕಪ್ಪಾಗಿ, ಆಳವಾಗಿ ತೋರುತ್ತದೆ. ಕಪ್ಪು ಕಣ್ಣಿನ ಗಾಢತೆಯೇ ಇಷ್ಟವಾದವರಿಗೆ ಅದು ಒಳ್ಳೆಯ ಆಯ್ಕೆ. ಕಂದು ಕಾಣಬೇಕೆನ್ನುವವರಿಗೆ ಕಡುನೀಲಿ, ಇಲ್ಲವೇ ನೀಲಿಯತ್ತ ವಾಲಿದ ನೇರಳೆಯೇ ಆಗಬೇಕು.

ಯಾವ ಬಣ್ಣವೇ ಆದರೂ ರೆಪ್ಪೆಯ ಒದ್ದೆಯಂಚಿಗೆ, ಅಂದರೆ ಕೂದಲಿನ ಸಾಲಿನಿಂದ ಒಳಗೆ, ಹಚ್ಚದಿರುವುದು ಮೇಲು. ಕಣ್ಣೀರು ಬೇಗ ಆರದಂತೆ ಎಣ್ಣೆ ಸ್ರವಿಸುವ ಸಣ್ಣ ಗ್ರಂಥಿಗಳ ಬಾಯಿಗಳು ಅಲ್ಲಿಯೇ ಸಾಲಾಗಿವೆ. ಮೇಣ ಬೆರೆತ ಕಾಡಿಗೆ ಅವುಗಳನ್ನು ಮುಚ್ಚಬಲ್ಲದು, ಅದರ ಕಣಗಳು ನೇರ ಕಣ್ಣೀರಿಗೂ ಇಳಿಯುತ್ತವೆ. ಹಚ್ಚಿದ ಮೇಲೆ ದೃಷ್ಟಿ ಮಸುಕಾಗುವುದು, ಕಣ್ಣಿನ ಒಳಮೂಲೆಯಲ್ಲಿ ಕಪ್ಪು ಪಿಸುರು ಸೇರುವುದು ಇದರ ಗುರುತು.

ಇನ್ನು ಬೆಳಕಿನ ಮಾತು. ಹಳದಿ ದೀಪಗಳ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆಯಿರುವುದರಿಂದ ನೀಲಿ ಪುಡಿಗೆ ಮರಳಿಸಲು ಹೆಚ್ಚೇನೂ ಸಿಗದೆ ಅದು ಕಪ್ಪಾಗಿಬಿಡುತ್ತದೆ, ತಾಮ್ರವೋ ಮಿನುಗುತ್ತದೆ. ಬೆಳಗಿನ ಮುಹೂರ್ತಕ್ಕೆ ಬೆಲೆಬಾಳುವ ನೀಲಿ ಪೆನ್ಸಿಲು, ಹಳದಿ ದೀಪದ ರಾತ್ರಿಯ ಆರತಕ್ಷತೆಯಲ್ಲಿ, ಕಪ್ಪು ಕಾಡಿಗೆಗಿಂತ ಹೆಚ್ಚೇನನ್ನೂ ಮಾಡದು.