ಇಪ್ಪತ್ತನಾಲ್ಕನೇ ಸುತ್ತಿನ ಒಂಟಿ ಬಲೂನು

ದಾರಿಯುದ್ದಕ್ಕೂ ಕಾವಲು ನಿಲ್ಲಿಸಿ, ಅಲೆ ಅಲೆಯಾಗಿ ಬರುವ ಶತ್ರುಗಳನ್ನು ತಡೆಯುವ ವಿಡಿಯೊ ಗೇಮ್‌ಗಳಿಗೆ ಟವರ್ ಡಿಫೆನ್ಸ್ ಎಂದು ಹೆಸರು. ನ್ಯೂಜಿಲೆಂಡಿನ ನಿಂಜಾ ಕಿವಿ ಕಂಪನಿ 2018ರಲ್ಲಿ ತಂದ ‘ಬ್ಲೂನ್ಸ್ ಟಿಡಿ 6’ರಲ್ಲಿ ಕಾವಲಿಗೆ ಕೋತಿಗಳಿವೆ, ದಾಳಿಗೆ ಬರುವವು ಬಲೂನುಗಳು. ಯಾವ ಶತ್ರುವನ್ನು ಯಾವಾಗ ಕಳಿಸಬೇಕು ಎಂಬ ಲೆಕ್ಕಾಚಾರವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

24ನೇ ಸುತ್ತು ನೋಡಿ. ಮಾಮೂಲಿ ನೀಲಿ ಬಲೂನುಗಳ ನಡುವೆ ಮರೆವೇಷದ ಹಸಿರು ಬಲೂನು ಒಂದೇ ಒಂದು ಬರುತ್ತದೆ. ಸಾಧಾರಣ ಕೋತಿಗಳ ಕಣ್ಣಿಗೆ ಅದು ಬೀಳುವುದಿಲ್ಲ. ಅದು ದಾಟಿಹೋದರೆ ಮಧ್ಯಮ ಹಂತದಲ್ಲಿ ಆಡುವವನ 150 ಪ್ರಾಣಗಳಲ್ಲಿ ಮೂರು ಕಳೆಯುತ್ತವೆ, ಅಷ್ಟೆ. ಆದರೆ ಕಾವಲಿನಲ್ಲಿ ಎಲ್ಲಿ ತೂತಿದೆ ಎಂಬುದು ಗೊತ್ತಾಗುತ್ತದೆ. ಮರೆವೇಷದ ಬಲೂನುಗಳು ಗುಂಪುಗುಂಪಾಗಿ ನುಗ್ಗುವುದು 33ರಲ್ಲಿ. ಅಷ್ಟರೊಳಗೆ ಹಣ ಕೂಡಿಸಿ, ಅವನ್ನು ಹುಟ್ಟಿನಿಂದಲೇ ಕಾಣಬಲ್ಲ ನಿಂಜಾ ಕೋತಿಯನ್ನೋ, ಸುತ್ತಲಿನವರಿಗೂ ಆ ದೃಷ್ಟಿ ಕೊಡುವ ರೇಡಾರನ್ನೋ ಕೊಳ್ಳಲು ಸಮಯವಿದೆ. ಮದ್ದು ಒಂದಕ್ಕಿಂತ ಹೆಚ್ಚು ಇರುವುದೂ ಮುಖ್ಯ. ಒಂದೇ ಇದ್ದರೆ ಆಡುವವನಿಗೆ ಆಯ್ಕೆಯೇ ಉಳಿಯದು.

28ರಲ್ಲಿ ಸೀಸದ ಬಲೂನು ಬರುತ್ತದೆ. ಚೂಪು ಬಾಣ ಅದಕ್ಕೆ ನಾಟದು, ಬಾಂಬು ಬೇಕು. ಆದರೆ ಸೀಸ ಒಡೆದರೆ ಒಳಗಿಂದ ಎರಡು ಕಪ್ಪು ಬಲೂನು ಹೊರಬೀಳುತ್ತವೆ, ಅವಕ್ಕೆ ಬಾಂಬು ತಾಗುವುದಿಲ್ಲ! ಹೀಗೆ ಬಾಣ, ಬಾಂಬು ಎರಡೂ ಅಕ್ಕಪಕ್ಕ ಇರಲೇಬೇಕಾಗುತ್ತದೆ. 90ನೇ ಸುತ್ತಿಗೆ ಬರುವ ಡಿಡಿಟಿ ಎಂಬ ದೈತ್ಯ ಮರೆವೇಷ, ಸೀಸ, ಕಪ್ಪು ಮೂರರ ಗುಣವನ್ನೂ ಹೊತ್ತು ವೇಗವಾಗಿ ಓಡುತ್ತದೆ. ಅದರಲ್ಲಿ ಹೊಸ ಗುಣ ಒಂದೂ ಇಲ್ಲ, ಬಿಡಿಬಿಡಿಯಾಗಿ ಕಲಿತದ್ದೆಲ್ಲ ಒಟ್ಟಿಗೆ ಎದುರಾಗುತ್ತದೆ. ಅದಕ್ಕೇ ಸೋತವನಿಗೂ ಮೋಸವಾಯಿತು ಅನ್ನಿಸುವುದಿಲ್ಲ.

ಶತ್ರುವಿನ ಬಗೆಯಷ್ಟೇ ಅಂತರವೂ ಮುಖ್ಯ. ಹತ್ತು ಏಟು ತಡೆಯುವ ಮೂವತ್ತು ಶತ್ರುಗಳು ಸೆಕೆಂಡಿಗೊಂದರಂತೆ ಬಂದರೆ, ಸೆಕೆಂಡಿಗೆ ಹತ್ತು ಏಟು ಕೊಡುವ ಕಾವಲು ಸಾಕು. ಅದೇ ಮೂವತ್ತು ಕಾಲು ಸೆಕೆಂಡಿಗೊಂದರಂತೆ ನುಗ್ಗಿದರೆ ಸೆಕೆಂಡಿಗೆ ನಲವತ್ತು ಏಟು ಬೇಕು, ಇಲ್ಲವೇ ಒಂದೇ ಏಟಿಗೆ ಹಲವರಿಗೆ ತಗಲುವ ಬಾಂಬು ಬೇಕು. ಶತ್ರುಗಳ ಸಂಖ್ಯೆ ಒಂದಿಷ್ಟೂ ಹೆಚ್ಚಿಸದೆ ಪರೀಕ್ಷೆಯೇ ಬೇರೆಯಾಗುತ್ತದೆ. ಬಿಗಿ ಅಲೆಯ ಹಿಂದೆ ಸಡಿಲ ಅಲೆ ಇಟ್ಟರೆ ಆಡುವವನಿಗೆ ಕಾವಲು ಸರಿಪಡಿಸಿಕೊಳ್ಳಲು ಬಿಡುವು.

ಹೊಸ ಆಟ ಕಟ್ಟುವವರು ಪರೀಕ್ಷೆಗೆ ಬಂದವರು ಸೋತ ಸುತ್ತನ್ನಷ್ಟೇ ಬರೆದಿಟ್ಟರೆ ಸಾಲದು, ಆಗ ಕೈಯಲ್ಲಿ ಎಷ್ಟು ಹಣ ಉಳಿದಿತ್ತೆಂದೂ ನೋಡಬೇಕು. ಹಣವಿದ್ದೂ ಸೋತರೆ ಮದ್ದು ಯಾವುದೆಂದು ತಿಳಿದಿರಲಿಲ್ಲ ಎಂದರ್ಥ. ಆ ಶತ್ರುವನ್ನು ಕೆಲವು ಸುತ್ತು ಮೊದಲೇ ಒಂಟಿಯಾಗಿ ಕಳಿಸಬೇಕು. ಬರಿಗೈಯಲ್ಲಿ ಸೋತಿದ್ದರೆ ಹಿಂದಿನ ಸುತ್ತುಗಳ ಗಳಿಕೆ ಹೆಚ್ಚಿಸಬೇಕು, ಇಲ್ಲವೇ ಅಲೆಯನ್ನು ಸಡಿಲಿಸಬೇಕು. ಶತ್ರುವಿನ ಬಲ ಕುಗ್ಗಿಸುವ ಯೋಚನೆ ಆಮೇಲಿನದು.