ಕೇಬಲ್ಲೂ ಇಲ್ಲ, ವೈಫೈಯೂ ಇಲ್ಲ

ಕೇಬಲ್ ಮತ್ತು ವೈಫೈ ಎರಡನ್ನೂ ಜೋಡಿಸಿಬಿಟ್ಟರೆ ಇಂಟರ್ನೆಟ್ ವೇಗ ದುಪ್ಪಟ್ಟಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆ ಆಸೆಗೆ ನೀರೆರೆಯುವಂಥ ಆಯ್ಕೆಯೊಂದು ಕಣ್ಣೆದುರಿಗೇ ಇದೆ. ರನ್ ಪೆಟ್ಟಿಗೆಯಲ್ಲಿ `ncpa.cpl` ಎಂದು ಟೈಪ್ ಮಾಡಿದರೆ ಎಲ್ಲ ಸಂಪರ್ಕಗಳ ಐಕಾನ್‌ಗಳು ಕಾಣುತ್ತವೆ. ಕಂಟ್ರೋಲ್ ಕೀ ಒತ್ತಿಕೊಂಡು ಎರಡನ್ನು ಆರಿಸಿ ರೈಟ್ ಕ್ಲಿಕ್ ಮಾಡಿದರೆ `Bridge Connections` ಸಿಗುತ್ತದೆ. ಅದನ್ನು ಒತ್ತಿದ ಸ್ವಲ್ಪ ಹೊತ್ತಿಗೆ ಎರಡೂ ಸಂಪರ್ಕ ಮಾಯ.

ಹೀಗಾಗಲು ಕಾರಣವಿದೆ. ಬ್ರಿಡ್ಜ್ ಇರುವುದು ಎರಡು ಬೇರೆ ಬೇರೆ ಜಾಲಗಳನ್ನು ಒಂದಾಗಿಸಲು. ವೇಗ ಕೂಡಿಸಲು ಅಲ್ಲ. ಅದು ಹುಟ್ಟಿದೊಡನೆ ಎರಡೂ ಅಡಾಪ್ಟರುಗಳು ತಮ್ಮ ಐಪಿ ವಿಳಾಸ ಕಳೆದುಕೊಂಡು ಅದರ ಬಾಗಿಲುಗಳಷ್ಟೇ ಆಗುತ್ತವೆ. ಇನ್ನು ವಿಳಾಸ ಕೇಳಬೇಕಾದದ್ದು ಬ್ರಿಡ್ಜ್. ಮನೆಯಲ್ಲಿ ಕೇಬಲ್ಲೂ ವೈಫೈಯೂ ಹೋಗಿ ಸೇರುವುದು ಒಂದೇ ರೌಟರಿಗೆ. ಹಾಗಾಗಿ ರೌಟರಿನಿಂದ ಹೊರಟ ದತ್ತಾಂಶ ಕಂಪ್ಯೂಟರ್ ಮೂಲಕ ಮತ್ತೆ ರೌಟರಿಗೇ ಮರಳುವ ಸುತ್ತುದಾರಿ ಸಿದ್ಧವಾಗುತ್ತದೆ. ಇದನ್ನು ತಡೆಯಲು ಬ್ರಿಡ್ಜ್ ಒಂದು ಬಾಗಿಲನ್ನು ಮುಚ್ಚಬಹುದು. ವೈಫೈಯದು ಇನ್ನೊಂದು ಹಟ: ತನ್ನ ಬಳಿ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದ ಹೊರತು ಬೇರೆ ವಿಳಾಸದಿಂದ ಬಂದದ್ದನ್ನು ರೌಟರ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

ತೊಂದರೆ ಇದೇ ಎಂದು ಖಚಿತ ಮಾಡಿಕೊಳ್ಳುವುದು ಸುಲಭ. ಅದೇ ಕಿಟಕಿಯಲ್ಲಿ `Network Bridge` ಎಂಬ ಹೊಸ ಐಕಾನ್ ಇರುತ್ತದೆ, ಹಳೆಯ ಎರಡರ ಕೆಳಗೆ `Bridged` ಎಂದು ಬರೆದಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ `ipconfig` ಕೊಟ್ಟಾಗ 169.254ರಿಂದ ಶುರುವಾಗುವ ವಿಳಾಸ ಕಂಡರೆ, ರೌಟರಿನಿಂದ ವಿಳಾಸ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಇದು ಗೊತ್ತಿಲ್ಲದೆ ರೌಟರ್ ಆಫ್ ಮಾಡಿ ಆನ್ ಮಾಡುತ್ತ ಕೂರುವವರೇ ಹೆಚ್ಚು. ಅದೇ ವೈಫೈಯಲ್ಲಿ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ ರೌಟರಿನ ತಂಟೆಗೆ ಹೋಗಬೇಕಿಲ್ಲ.

ಪರಿಹಾರಕ್ಕೆ ಮೆಕ್ಯಾನಿಕ್ ಬೇಡ. `Network Bridge` ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ `Delete` ಒತ್ತಿ. ಅದು ಅಳಿಯದಿದ್ದರೆ ಮೊದಲು ಒಂದೊಂದೇ ಅಡಾಪ್ಟರಿನ ಮೇಲೆ ರೈಟ್ ಕ್ಲಿಕ್ ಮಾಡಿ `Remove from Bridge` ಕೊಟ್ಟು, ಆಮೇಲೆ ಪ್ರಯತ್ನಿಸಿ. ಕಚೇರಿಗಳಲ್ಲಿ ಕೈಯಾರೆ ಐಪಿ ತುಂಬಿದ್ದರೆ ಅದು ಉಳಿದಿದೆಯೇ ಎಂದು ನೋಡಿಕೊಳ್ಳಿ. ಇಷ್ಟಕ್ಕೂ ಜಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ `Network reset` ಇದೆ. ಅದು ಎಲ್ಲ ಅಡಾಪ್ಟರುಗಳನ್ನೂ ತೆಗೆದು ಹೊಸದಾಗಿ ಕೂರಿಸುತ್ತದೆ. ವಿಪಿಎನ್‌ನಂಥ ತಂತ್ರಾಂಶವನ್ನು ಮತ್ತೆ ಹೊಂದಿಸಬೇಕಾಗಬಹುದು, ವೈಫೈ ಪಾಸ್‌ವರ್ಡನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಲ್ಯಾಪ್‌ಟಾಪಿನ ಇಂಟರ್ನೆಟ್ಟನ್ನು ಫೋನಿಗೆ ಹಂಚುವುದಷ್ಟೇ ಬೇಕಿದ್ದವರು ಮೊಬೈಲ್ ಹಾಟ್‌ಸ್ಪಾಟ್ ಬಳಸಲಿ. ವೇಗ ಬೇಕಿದ್ದವರು ಕೇಬಲ್ ಚುಚ್ಚಿ ಸುಮ್ಮನಿರಲಿ. ಎರಡೂ ಇದ್ದಾಗ ವಿಂಡೋಸ್ ಸಾಮಾನ್ಯವಾಗಿ ಕೇಬಲ್ಲನ್ನೇ ಆರಿಸಿಕೊಳ್ಳುತ್ತದೆ.